ಅಳಿಸುವ ನಿಯಮ, ತಡೆಯುವ ಚೀಟಿ

ಶಹಾಪುರ, ಸುರಪುರ, ಯಾದಗಿರಿ ಸೀಮೆಯಲ್ಲಿ ಹತ್ತಿ, ತೊಗರಿಯ ವ್ಯವಹಾರ ಇವತ್ತಿಗೂ ಮಾತಿನ ಮೇಲೆಯೇ ನಡೆಯುತ್ತದೆ. ಆದರೆ ಆ ಮಾತು ಈಗ ಫೋನಿನಲ್ಲಿ ಬರಹವಾಗಿ ಕೂರುತ್ತದೆ. "ಸಾವ್ಕಾರ್ರ, ರೇಟ್ ಫೈನಲ್ ಹೇಳ್ರಿ" ಎಂದು ಒಂದು ಕಡೆಯಿಂದ ವಾಟ್ಸಾಪ್ ಬರುತ್ತದೆ. "7200. ಗಾಡಿ ಕಳಸ್ರಿ" ಎಂದು ಇನ್ನೊಂದು ಕಡೆಯಿಂದ ಉತ್ತರ ಹೋಗುತ್ತದೆ. ಕರಾರುಪತ್ರವಿಲ್ಲ, ಸಹಿಯಿಲ್ಲ. ಆ ಎರಡು ಸಾಲೇ ಕರಾರು. ತಕರಾರು ಎದ್ದ ದಿನ ವಕೀಲರು ಮೊದಲು ಕೇಳುವುದೂ ಆ ಎರಡು ಸಾಲನ್ನೇ.

ಇಂಥ ಸಾಲುಗಳನ್ನು ಎಷ್ಟು ದಿನ ಇಡಬೇಕು, ಯಾವಾಗ ಅಳಿಸಬೇಕು, ಯಾವಾಗ ಅಳಿಸುವುದನ್ನು ನಿಲ್ಲಿಸಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳುವ ಒಂದು ಕಸುಬು ಇದೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಜನರಿರುತ್ತಾರೆ. ಹತ್ತು ಜನ ದುಡಿಯುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಒಬ್ಬ ಚುರುಕಾದ ಗುಮಾಸ್ತ ಸಾಕು. ಕಸುಬಿನ ತಿರುಳು ಒಂದೇ: ಅಳಿಸುವ ನಿಯಮ ಜಗಳಕ್ಕೆ ಮುಂಚೆ ಹುಟ್ಟಿರಬೇಕು, ಜಗಳ ಹುಟ್ಟಿದ ದಿನ ನಿಲ್ಲಬೇಕು. ಒಂದೇ ಸಂದೇಶವನ್ನು ನಿಯಮದ ಪ್ರಕಾರ ಅಳಿಸಿದರೆ ಅದು ಶಿಸ್ತು. ನೋಟಿಸು ಬಂದ ಮರುದಿನ ಅಳಿಸಿದರೆ ಅದು ಸಾಕ್ಷ್ಯನಾಶ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಸುರಪುರದ ವ್ಯಾಪಾರಿಯೊಬ್ಬರು ಶಹಾಪುರದ ಜಿನ್ನಿಂಗ್ ಕಾರ್ಖಾನೆಗೆ 400 ಕ್ವಿಂಟಲ್ ಹತ್ತಿ ಕಳಿಸಿದ್ದಾರೆ. ಮಾತಾದ ದರ ಕ್ವಿಂಟಲಿಗೆ 7,200 ಎಂದು ಅವರ ವಾದ. ಮಾಲಿನಲ್ಲಿ ತೇವ ಹೆಚ್ಚಿತ್ತು, ಆದ್ದರಿಂದ 6,400ಕ್ಕೆ ಒಪ್ಪಿಸಿ ಇಳಿಸಿಕೊಂಡೆವು ಎಂದು ಕಾರ್ಖಾನೆಯ ವಾದ. ಕ್ವಿಂಟಲಿಗೆ 800 ರೂಪಾಯಿ ವ್ಯತ್ಯಾಸ, ಒಟ್ಟು 3,20,000. ಮೂರು ಲಕ್ಷ ದಾಟಿದ ಇಂಥ ವ್ಯಾಪಾರಿ ತಕರಾರಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಅನ್ವಯಿಸುತ್ತದೆ. ಚಾಟುಗಳು ಬೆಲೆಬಾಳುವುದು ಇಲ್ಲಿಂದಲೇ.

ಆ ಕಾಯ್ದೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶವನ್ನು ಬಿಗಿಗೊಳಿಸಿತು. ವಾದಿ ದಾವೆಯ ಜೊತೆಗೆ, ಪ್ರತಿವಾದಿ ತನ್ನ ಉತ್ತರದ ಜೊತೆಗೆ, ವಿಷಯಕ್ಕೆ ಸಂಬಂಧಿಸಿದ ತಮ್ಮ ಬಳಿಯ ದಾಖಲೆಗಳನ್ನೆಲ್ಲ ಪಟ್ಟಿ ಮಾಡಿ ಕೊಡಬೇಕು. ತನಗೆ ಅನುಕೂಲವಾದವನ್ನು ಮಾತ್ರವಲ್ಲ, ಪ್ರತಿಕೂಲವಾದವನ್ನೂ ಕೊಡಬೇಕು. ಎಲೆಕ್ಟ್ರಾನಿಕ್ ದಾಖಲೆಯ ಮುದ್ರಿತ ಪ್ರತಿ ಸಾಕು. ಆದರೆ ಅದು ಯಾರ ನಡುವಿನದು, ಹೇಗೆ ಯಾರು ತೆಗೆದರು, ಯಾವ ದಿನ ಮುದ್ರಿಸಿದರು ಎಂದು ಪ್ರಮಾಣ ಮಾಡಿ ಹೇಳಬೇಕು. ಹೊಸ ದಾಖಲೆ ಕಣ್ಣಿಗೆ ಬಿದ್ದರೆ ಅದನ್ನು ತೋರಿಸುವ ಕರ್ತವ್ಯ ದಾವೆ ಮುಗಿಯುವವರೆಗೂ ಇರುತ್ತದೆ. ಹೀಗಾಗಿ ಕಾರ್ಖಾನೆಯ ಮಾಲೀಕರು "7200. ಗಾಡಿ ಕಳಸ್ರಿ" ಎಂದು ಬರೆದ ಸಂದೇಶ ಅವರ ಫೋನಿನಲ್ಲಿದ್ದರೆ ಅದನ್ನು ಅವರೇ ತಂದು ಮುಂದಿಡಬೇಕು.

ಇಡದೆ ಹೋದರೆ? ಜಗಳ ಹುಟ್ಟಿದ ದಿನ ಅಳಿಸುವುದನ್ನು ತಡೆಹಿಡಿಯುವುದಕ್ಕೆ ಈ ಕಸುಬಿನಲ್ಲಿ ಹೋಲ್ಡ್ ಎನ್ನುತ್ತಾರೆ. ನಮ್ಮಲ್ಲಿ ಆ ಹೆಸರಿನ ಕಲಂ ಇಲ್ಲ. ಆ ಕೆಲಸವನ್ನು ಬೇರೆ ಎರಡು ಕಲಂಗಳು ಮಾಡುತ್ತವೆ. ತನ್ನ ಬಳಿ ಇರುವ ಸಾಕ್ಷ್ಯವನ್ನು ತೋರಿಸದವನ ವಿಷಯದಲ್ಲಿ, ತೋರಿಸಿದ್ದರೆ ಅದು ಅವನಿಗೇ ಮುಳುವಾಗುತ್ತಿತ್ತು ಎಂದು ನ್ಯಾಯಾಲಯ ಊಹಿಸಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ 119ನೇ ಕಲಮಿನಲ್ಲಿ ಇದು ಉದಾಹರಣೆಯಾಗಿಯೇ ಇದೆ. ನ್ಯಾಯಾಲಯದಲ್ಲಿ ಹಾಜರಾಗದಂತೆ ತಡೆಯಲೆಂದೇ ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಮಿನಡಿ ಅದು ಅಪರಾಧ.

ಹಾಗಿದ್ದರೆ ಎಲ್ಲವನ್ನೂ ಎಂದೆಂದಿಗೂ ಇಟ್ಟುಬಿಡಬಹುದಲ್ಲ ಎಂದು ಅನ್ನಿಸುವುದು ಸಹಜ. ಕಾರ್ಖಾನೆಯ ಫೋನು ತೆರೆದು ನೋಡಿದರೆ ಉತ್ತರ ಸಿಗುತ್ತದೆ. ರೈತರು ಕಳಿಸಿದ ಪಾಸ್‌ಬುಕ್ಕಿನ ಫೋಟೋ, ಆಧಾರ್ ಕಾರ್ಡು, ಪಹಣಿ, ಯಾರದೋ ಆಸ್ಪತ್ರೆ ಚೀಟಿ, ಮದುವೆ ಆಮಂತ್ರಣ, ನಡುವೆ ಎಲ್ಲೋ ದರದ ಸಾಲು. ದುಡ್ಡು ಖಾತೆಗೆ ಹೋದ ಮೇಲೆ ಆ ಪಾಸ್‌ಬುಕ್ಕಿನ ಚಿತ್ರ ಕಾರ್ಖಾನೆಗೆ ಬೇಡ. ಆದರೆ ಫೋನು ಕಳೆದರೆ ರೈತನಿಗೆ ಅಪಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದೇ: ಉದ್ದೇಶ ತೀರಿದ ಮೇಲೆ, ಬೇರೆ ಕಾನೂನು ಇಡಲು ಹೇಳದಿದ್ದರೆ, ಅಳಿಸು. ಎಲ್ಲವನ್ನೂ ಇಟ್ಟವರು ದಾವೆ ಬಂದಾಗ ಎಲ್ಲವನ್ನೂ ಸೋಸಬೇಕಾಗುತ್ತದೆ. ಆಗ ಮೂರನೆಯವರ ಗುಟ್ಟೂ ಬೀದಿಗೆ ಬರುತ್ತದೆ.

ಆದ್ದರಿಂದ ನುರಿತವರು ಮೊದಲು ಸಂದೇಶಗಳನ್ನು ಕೆಲಸಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ದರ, ತೂಕ, ತೇವಾಂಶ, ಪಾವತಿಯ ಮಾತು ಒಂದು ಗುಂಪು. ಮಾರಿದ ಮಾಲಿನ ದುಡ್ಡಿಗೆ ದಾವೆ ಹೂಡಲು ಕಾಲಮಿತಿ ಕಾಯ್ದೆ ಸಾಮಾನ್ಯವಾಗಿ ಮೂರು ವರ್ಷ ಕೊಡುತ್ತದೆ. ಬಾಕಿ ಒಪ್ಪಿ ಸಹಿ ಮಾಡಿದರೆ ಅಥವಾ ಸ್ವಲ್ಪ ಹಣ ಕಟ್ಟಿದರೆ ಆ ಲೆಕ್ಕ ಹೊಸದಾಗಿ ಶುರುವಾಗಬಹುದು. ಅದಕ್ಕೇ ಜಾಣ ನಿಯಮ "ಸಂದೇಶ ಬಂದ ದಿನದಿಂದ ಮೂರು ವರ್ಷ" ಎನ್ನುವುದಿಲ್ಲ, "ಆ ಖಾತೆ ಚುಕ್ತಾ ಆದ ದಿನದಿಂದ ನಾಲ್ಕು ವರ್ಷ" ಎನ್ನುತ್ತದೆ. ಬಿಲ್ಲು, ಲೆಕ್ಕಪತ್ರ ಇನ್ನೊಂದು ಗುಂಪು. ಜಿಎಸ್‌ಟಿ ಕಾಯ್ದೆ ಅವನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಲು ಹೇಳುತ್ತದೆ, ಆದ್ದರಿಂದ ಚಾಟಿನಲ್ಲಿ ಬಂದ ಬಿಲ್ಲನ್ನು ಅಲ್ಲೇ ಬಿಡದೆ ಕಡತಕ್ಕೆ ಸೇರಿಸಬೇಕು. ಉಳಿದ ಹರಟೆ 90 ದಿನಕ್ಕೆ ಮಾಯ. ವಾಟ್ಸಾಪಿನ ತಾನಾಗಿ ಅಳಿಯುವ ಸಂದೇಶದ ಏರ್ಪಾಟಿನಲ್ಲಿ 24 ಗಂಟೆ, 7 ದಿನ, 90 ದಿನ ಎಂಬ ಆಯ್ಕೆಗಳಿವೆ. ದರದ ಮಾತು ಒಂದು ಗುಂಪಿನಲ್ಲಿ, ಹರಟೆ ಇನ್ನೊಂದರಲ್ಲಿ ಎಂದು ಬೇರೆ ಮಾಡಿದರೆ ಮಾತ್ರ ಈ ಏರ್ಪಾಟು ಕೆಲಸಕ್ಕೆ ಬರುತ್ತದೆ.

ಈಗ ನಮ್ಮ ಸುರಪುರದ ವ್ಯಾಪಾರಿಯ ನೋಟಿಸು ಅಂಚೆಯಲ್ಲಿ ಬಂತು ಎನ್ನಿ. ಅದೇ ದಿನ ಗುಮಾಸ್ತ ಒಂದು ಚೀಟಿ ಬರೆಯುತ್ತಾನೆ. ಕಸುಬಿನ ಸೊಗಸೆಲ್ಲ ಈ ಚೀಟಿಯಲ್ಲಿದೆ:

"ಮಾಲೀಕರು, ಮ್ಯಾನೇಜರ್, ಕಾಟಾ ನೋಡುವವರು, ತೇವ ಅಳೆಯುವವರು, ನಾಲ್ವರಿಗೂ. ಸುರಪುರದ 400 ಕ್ವಿಂಟಲ್ ಹತ್ತಿ ವಿಷಯದಲ್ಲಿ ನೋಟಿಸು ಬಂದಿದೆ. ನವೆಂಬರ್ 1ರಿಂದ ಇವತ್ತಿನವರೆಗೆ ಆ ಪಾರ್ಟಿ ಜೊತೆಗಿನ, ಮತ್ತು ಆ ಮಾಲಿನ ಬಗ್ಗೆ ನಮ್ಮೊಳಗೆ ಆದ ಯಾವ ಮೆಸೇಜು, ಫೋಟೋ, ವಾಯ್ಸ್ ಅಳಿಸಬಾರದು. ತಾನಾಗಿ ಅಳಿಯುವ ಸೆಟ್ಟಿಂಗ್ ಇವತ್ತೇ ಆಫ್ ಮಾಡಿ. ಫೋನು ಬದಲಿಸುವುದು, ರೀಸೆಟ್ ಮಾಡುವುದು ಬೇಡ; ಕೆಟ್ಟರೆ ಮೊದಲು ನನಗೆ ತಿಳಿಸಿ. ಓದಿ ಸಹಿ ಮಾಡಿ."

ಇದರಲ್ಲಿ ಯಾರು, ಯಾವ ವಿಷಯ, ಯಾವ ದಿನಾಂಕ, ಏನು ಮಾಡಬಾರದು ಎಲ್ಲ ಇದೆ. "ಎಲ್ಲವನ್ನೂ ಇಟ್ಟುಕೊಳ್ಳಿ" ಎಂಬ ಚೀಟಿಯನ್ನು ಯಾರೂ ಪಾಲಿಸುವುದಿಲ್ಲ. ನಾಲ್ಕು ಹೆಸರು, ಒಂದು ಪಾರ್ಟಿ, ಒಂದು ಅವಧಿ ಎಂದರೆ ಪಾಲಿಸುತ್ತಾರೆ. ತೇವ ಅಳೆಯುವ ಹುಡುಗನನ್ನು ಮರೆಯದೆ ಸೇರಿಸಿದ್ದೂ ಅನುಭವದ ಮಾತು: ಮೀಟರಿನ ಅಂಕಿಯ ಫೋಟೋ ಇರುವುದು ಅವನ ಫೋನಿನಲ್ಲಿ.

ಇಂಥ ಚೀಟಿಯ ಕೆಲಸವನ್ನು ಪೂರ್ತಿ ಮಾಡದೆ ಹೋದವರ ಕಥೆ ಗೂಗಲ್‌ನದು. ಎಪಿಕ್ ಗೇಮ್ಸ್ ಹೂಡಿದ ದಾವೆಯಲ್ಲಿ ಗೂಗಲ್ ನೌಕರರ ಅನೇಕ ಚಾಟುಗಳು 24 ಗಂಟೆಯಲ್ಲಿ ತಾವಾಗಿ ಅಳಿಯುತ್ತಿದ್ದವು. ದಾವೆ ನಡೆಯುವಾಗಲೂ ಯಾವುದನ್ನು ಉಳಿಸಬೇಕೆಂಬ ತೀರ್ಮಾನವನ್ನು ಕಂಪನಿ ನೌಕರರಿಗೇ ಬಿಟ್ಟಿತ್ತು. ಕಂಪನಿ ತನ್ನ ಕರ್ತವ್ಯದಲ್ಲಿ ತಪ್ಪಿದೆ ಎಂದು ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶ ಜೇಮ್ಸ್ ಡೊನಾಟೊ 2023ರ ಮಾರ್ಚಿನಲ್ಲಿ ಹೇಳಿದರು. ಅದೇ ಡಿಸೆಂಬರಿನಲ್ಲಿ ಜ್ಯೂರಿ ಎಪಿಕ್ ಪರ ತೀರ್ಪು ಕೊಟ್ಟಿತು. 24 ಗಂಟೆಯ ನಿಯಮ ಇತ್ತೆಂಬುದಷ್ಟೇ ಅಲ್ಲ, ದಾವೆ ಬಂದ ಮೇಲೂ ಅದನ್ನು ನಿಲ್ಲಿಸಲಿಲ್ಲ ಎಂಬುದು ಅಲ್ಲಿ ಮುಳುವಾಯಿತು.

ಚೀಟಿಯ ನಂತರದ ಕೆಲಸ ಪ್ರತಿ ತೆಗೆಯುವುದು. ವಾಟ್ಸಾಪಿನ ಎಕ್ಸ್‌ಪೋರ್ಟ್ ಚಾಟು ಒಂದು ಪಠ್ಯ ಕಡತ ಕೊಡುತ್ತದೆ. ಅದರ ಮಿತಿಗಳನ್ನು ತಿಳಿದಿರಬೇಕು. ಫೋಟೋ ಸಮೇತ ತೆಗೆದರೆ ಇತ್ತೀಚಿನ ಸುಮಾರು 10,000 ಸಂದೇಶ, ಇಲ್ಲದೆ ತೆಗೆದರೆ ಸುಮಾರು 40,000 ಬರುತ್ತವೆ. ಅದರ ಹಿಂದಿನವು ಬರುವುದಿಲ್ಲ. ಕಳಿಸಿದವರ ಹೆಸರು ನಿಮ್ಮ ಫೋನಿನಲ್ಲಿ ನೀವು ಉಳಿಸಿಕೊಂಡಂತೆ ಬರುತ್ತದೆ, ಆದ್ದರಿಂದ ಆ ಹೆಸರಿನ ಹಿಂದಿನ ನಂಬರು ಕಾಣುವ ಪರದೆಯನ್ನೂ ಉಳಿಸಬೇಕು. ಎಲ್ಲಕ್ಕಿಂತ ದೊಡ್ಡ ಮಿತಿಯೆಂದರೆ ಪಠ್ಯ ಕಡತವನ್ನು ಯಾರು ಬೇಕಾದರೂ ತಿದ್ದಬಹುದು. ಅದಕ್ಕೆ ತೆಗೆದ ಕೂಡಲೇ ಕಡತದ ಹ್ಯಾಶ್ ಬರೆದಿಡುತ್ತಾರೆ. ವಿಂಡೋಸ್ ಕಂಪ್ಯೂಟರಿನಲ್ಲಿ ಇಷ್ಟೇ:

```
certutil -hashfile chat.zip SHA256
```

ಪರದೆಯ ಮೇಲೆ 64 ಅಕ್ಷರಗಳ ಒಂದು ಸಾಲು ಮೂಡುತ್ತದೆ. 7200ರಲ್ಲಿ ಒಂದು ಸೊನ್ನೆ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಎದುರಿನವರು ಎರಡು ವರ್ಷ ಬಿಟ್ಟು "ತಿದ್ದಿದ್ದೀರಿ" ಎಂದರೆ ಮತ್ತೆ ಲೆಕ್ಕ ಹಾಕಿ ತೋರಿಸಬಹುದು. 2024ರ ಜುಲೈ 1ರಿಂದ ಜಾರಿಯಾದ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಈ ಹ್ಯಾಶ್‌ಗೆಂದೇ ಜಾಗವಿದೆ. ಫೋನಿನ ಮಾದರಿ, ಬಣ್ಣ, ಐಎಂಇಐ ನಂಬರು ಕೂಡ ಅಲ್ಲಿ ಬರೆಯಬೇಕು. ಮೊದಲ ಭಾಗಕ್ಕೆ ದಾಖಲೆ ತಂದವರ ಸಹಿ, ಎರಡನೆಯದಕ್ಕೆ ತಜ್ಞರದು.

ಇನ್ನೊಂದು ಸೂಕ್ಷ್ಮ: ಮೂಲ ಫೋನನ್ನೇ ಜೋಪಾನ ಮಾಡುವುದು. ಹಳೆಯ 65-ಬಿ ಕಲಮಿನ ಬಗ್ಗೆ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಪ್ರಮಾಣಪತ್ರ ಕಡ್ಡಾಯ ಎಂದಿತು; ಆದರೆ ಫೋನಿನ ಮಾಲೀಕರೇ ಸಾಕ್ಷಿಕಟ್ಟೆಗೆ ಬಂದು ಮೂಲ ಸಾಧನವನ್ನು ಹಾಜರುಪಡಿಸಿದರೆ ಅದು ಬೇಕಿಲ್ಲ ಎಂದೂ ಹೇಳಿತು. ಅದಕ್ಕೂ ಮುಂಚೆ 2019ರಲ್ಲಿ, ಕರ್ನಾಟಕದಿಂದ ಹೋದ ಎಂ.ಆರ್. ಹಿರೇಮಠ ಪ್ರಕರಣದಲ್ಲಿ, ಆರೋಪಪಟ್ಟಿಯ ಜೊತೆ ಪ್ರಮಾಣಪತ್ರ ಇರಲಿಲ್ಲ ಎಂದ ಮಾತ್ರಕ್ಕೆ ಸಾಕ್ಷ್ಯ ಬಿದ್ದುಹೋಗದು, ವಿಚಾರಣೆಯಲ್ಲಿ ತರಬಹುದು ಎಂದಿತ್ತು. ಪತ್ರ ತಡವಾಗಿ ಬರಬಹುದು. ಅಳಿದ ಸಂದೇಶ ಮಾತ್ರ ತಡವಾಗಿಯೂ ಬರುವುದಿಲ್ಲ; ತಲುಪಿದ ಸಂದೇಶಗಳನ್ನು ವಾಟ್ಸಾಪ್ ಕಂಪನಿ ಸಾಮಾನ್ಯವಾಗಿ ತನ್ನ ಸರ್ವರಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಕೇಳಿದರೂ ಸಿಗದು.

ಯಾರಾದರೂ ನಡುವೆ ಕೈಯಾಡಿಸಿದರೆ ಹಲವು ಸಲ ಗುರುತು ಉಳಿಯುತ್ತದೆ. ತಾನಾಗಿ ಅಳಿಯುವ ಏರ್ಪಾಟನ್ನು ಯಾರು ಹಾಕಿದರು ಎಂಬ ಸಾಲು ಚಾಟಿನೊಳಗೇ ಕೂರುತ್ತದೆ. ಎಲ್ಲರಿಗೂ ಅಳಿಸಿದ ಸಂದೇಶದ ಜಾಗದಲ್ಲಿ ಅಳಿಸಲಾಗಿದೆ ಎಂಬ ಸೂಚನೆ ನಿಲ್ಲುತ್ತದೆ. ನೋಟಿಸಿನ ತಾರೀಖಿನ ಪಕ್ಕ ಆ ಏರ್ಪಾಟು ಹಾಕಿದ ತಾರೀಖು ಇಟ್ಟು ನೋಡಿದರೆ ವಕೀಲರಿಗೆ ಬೇರೆ ವಿವರಣೆ ಬೇಡ. ಹಾಗೆಂದೇ ನಿಯಮವನ್ನು ಬರೆದು, ದಿನಾಂಕ ಹಾಕಿ, ಸಹಿ ಮಾಡಿಸಿಟ್ಟವರಿಗೆ ಬಲ: "90 ದಿನದ ನಿಯಮ ಎರಡು ವರ್ಷದಿಂದ ಇದೆ, ನೋಟಿಸು ಬಂದ ದಿನ ನಿಲ್ಲಿಸಿದೆವು" ಎಂದು ಕಾಗದ ತೋರಿಸಿ ಹೇಳಬಲ್ಲರು.

ದಾವೆ ಮುಗಿದು, ಅಪೀಲಿನ ಕಾಲ ಕಳೆದು, ದುಡ್ಡು ಕೈಸೇರಿದ ಮೇಲೆ ಗುಮಾಸ್ತನ ಕೊನೆಯ ಕೆಲಸ ಇನ್ನೊಂದು ಚೀಟಿ: ಹೋಲ್ಡ್ ತೆರವಾಗಿದೆ, ಇಂತಿಂಥ ಸಂದೇಶಗಳು ಮತ್ತೆ ಹಳೆಯ ನಿಯಮಕ್ಕೆ ಬರುತ್ತವೆ. ಬಹಳ ಕಡೆ ಮರೆಯುವುದು ಇದನ್ನೇ. ತೆರವು ಬರೆಯದಿದ್ದರೆ ಆ ನಾಲ್ಕು ಫೋನುಗಳಲ್ಲಿ ರೈತರ ಪಾಸ್‌ಬುಕ್ಕುಗಳು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತವೆ, ಮುಂದಿನ ತಕರಾರಿಗೆ ಬೇಡದ ರಾಶಿಯಾಗುತ್ತವೆ. ತಡೆಯುವ ಚೀಟಿ ಬರೆದ ಕೈಯೇ ತೆರವಿನ ಚೀಟಿಯನ್ನೂ ಬರೆದು, ಎರಡನ್ನೂ ಒಂದೇ ಕಡತದಲ್ಲಿ ಸೇರಿಸಿದಾಗ ಈ ಕೆಲಸ ಪೂರ್ತಿಯಾಗುತ್ತದೆ.