ಆರು ಸ್ಥಿತಿಗಳು, ಎರಡು ಕುಟುಂಬಗಳು

ಭಾರಜಲಕ್ಕೆ ಆ ಹೆಸರು ತಂದ ಭಾರವಾದ ಹೈಡ್ರೋಜನ್ನಿನ ಬೀಜಕಣವೇ ಡ್ಯೂಟೆರಾನ್. ಒಂದು ಪ್ರೋಟಾನ್, ಒಂದು ನ್ಯೂಟ್ರಾನ್ ಸೇರಿ ಆದ ಇದರ ಸ್ಪಿನ್ 1. ನಿಧಾನವಾಗಿ ಚಲಿಸುವ ಒಂಟಿ ನ್ಯೂಟ್ರಾನ್ ಅದನ್ನು ಸಮೀಪಿಸಿದಾಗ ಸ್ಪಿನ್ 1 ಮತ್ತು ಸ್ಪಿನ್ 1/2 ಒಂದಾಗುತ್ತವೆ. ವೇಗ ತೀರ ಕಡಿಮೆಯಿದ್ದರೆ ಪರಸ್ಪರ ಸುತ್ತುವ ಚಲನೆಯ ಪಾಲು ಬಹುಮಟ್ಟಿಗೆ ಇಲ್ಲವಾಗುತ್ತದೆ. ಆಗ ಒಟ್ಟು ಕೋನೀಯ ಸಂವೇಗ ಎಷ್ಟೆಂಬುದನ್ನು ಈ ಎರಡು ಸ್ಪಿನ್‌ಗಳೇ ನಿರ್ಧರಿಸುತ್ತವೆ.

ಒಂದು ದಿಕ್ಕನ್ನು ಆರಿಸಿ ಆ ದಿಕ್ಕಿನಲ್ಲಿ ಸ್ಪಿನ್ ಅಳೆದರೆ ಡ್ಯೂಟೆರಾನ್‌ಗೆ +1, 0, −1 ಎಂಬ ಮೂರು ಬೆಲೆಗಳಷ್ಟೇ ಸಿಗುತ್ತವೆ. ನ್ಯೂಟ್ರಾನ್‌ಗೆ +1/2 ಮತ್ತು −1/2 ಎಂಬ ಎರಡು. ಮೂರರಲ್ಲಿ ಪ್ರತಿಯೊಂದರ ಜೊತೆಗೂ ಎರಡರಲ್ಲಿ ಯಾವುದಾದರೂ ಇರಬಹುದಾದ್ದರಿಂದ ಜೋಡಿಗೆ ಒಟ್ಟು ಆರು ಸ್ಥಿತಿಗಳು. ಹೇಗೆ ವಿಂಗಡಿಸಿದರೂ ಈ ಆರು ಹೆಚ್ಚೂ ಆಗದು, ಕಡಿಮೆಯೂ ಆಗದು. ಮುಂದಿನ ಲೆಕ್ಕ ಸರಿಯಿದೆಯೇ ಎಂದು ನೋಡಲು ಇದೇ ಒರೆಗಲ್ಲು.

ಒಂದೇ ದಿಕ್ಕಿನ ಬೆಲೆಗಳನ್ನು ನೇರವಾಗಿ ಕೂಡಬಹುದು. ಈ ಮೊತ್ತವನ್ನು M ಎನ್ನುತ್ತಾರೆ. ಆರು ಜೋಡಿಗಳಿಗೂ ಕೂಡಿ ನೋಡಿದರೆ 3/2 ಒಂದು ಸಲ, 1/2 ಎರಡು ಸಲ, −1/2 ಎರಡು ಸಲ, −3/2 ಒಂದು ಸಲ ಬರುತ್ತದೆ. ಇನ್ನು ಒಟ್ಟು ಕೋನೀಯ ಸಂವೇಗ J ಆಗಿದ್ದರೆ M ಎಂಬುದು J ಯಿಂದ −J ವರೆಗೆ ಒಂದೊಂದೇ ಹೆಜ್ಜೆ ಇಳಿಯಬೇಕು. ಇಲ್ಲಿನ ಅತಿ ದೊಡ್ಡ M 3/2. ಆದ್ದರಿಂದ J = 3/2 ಇರಲೇಬೇಕು, ಅದಕ್ಕಿಂತ ದೊಡ್ಡದು ಇರಲಾರದು. ಈ ಕುಟುಂಬ 3/2, 1/2, −1/2, −3/2 ಎಂಬ ನಾಲ್ಕು ಬೆಲೆಗಳನ್ನು ತೆಗೆದುಕೊಂಡು ಹೋದ ಮೇಲೆ ಉಳಿಯುವುದು ಒಂದು 1/2, ಒಂದು −1/2. ಅದು J = 1/2 ರ ಕುಟುಂಬವೇ ಹೊರತು ಬೇರೇನೂ ಅಲ್ಲ.

ಪ್ರತಿ ಕುಟುಂಬದ ಸದಸ್ಯರ ಸಂಖ್ಯೆ 2J + 1. ಹೀಗಾಗಿ 3/2 ಕ್ಕೆ ನಾಲ್ಕು, 1/2 ಕ್ಕೆ ಎರಡು, ಕೂಡಿದರೆ ಆರು. ಮೊದಲನೆಯದನ್ನು ಕ್ವಾರ್ಟೆಟ್, ಎರಡನೆಯದನ್ನು ಡಬ್ಲೆಟ್ ಎಂದು ಕರೆಯುವ ರೂಢಿಯಿದೆ. ಹೊಸದಾಗಿ ಕಲಿಯುವವರು 1 + 1/2 ಎಂದು ಕೂಡಿ 3/2 ಕ್ಕೇ ನಿಲ್ಲುವುದುಂಟು. ನಾಲ್ಕೇ ಸ್ಥಿತಿಗಳು ಸಿಕ್ಕಿ ಎರಡು ಕಾಣೆಯಾದಾಗ ತಪ್ಪು ತಾನಾಗಿ ಬಯಲಾಗುತ್ತದೆ. −1/2 ನ್ನೂ J ಎಂದು ಪಟ್ಟಿಗೆ ಸೇರಿಸುವವರಿದ್ದಾರೆ. M ಋಣವಾಗಬಹುದು, J ಎಂದಿಗೂ ಆಗದು.

M = 1/2 ಎರಡು ಸಲ ಬಂದಿದ್ದನ್ನು ಸ್ವಲ್ಪ ನಿಂತು ನೋಡಬೇಕು, ವಿಷಯದ ಸ್ವಾರಸ್ಯವೆಲ್ಲ ಅಲ್ಲಿದೆ. ಆ ಎರಡರಲ್ಲಿ ಒಂದು ಜೋಡಿಯಲ್ಲಿ ಡ್ಯೂಟೆರಾನ್ 0, ನ್ಯೂಟ್ರಾನ್ +1/2. ಇನ್ನೊಂದರಲ್ಲಿ ಡ್ಯೂಟೆರಾನ್ +1, ನ್ಯೂಟ್ರಾನ್ −1/2. ಒಂದು ಕ್ವಾರ್ಟೆಟ್‌ಗೆ, ಇನ್ನೊಂದು ಡಬ್ಲೆಟ್‌ಗೆ ಎಂದು ಹಂಚಿಬಿಡಲು ಬರುವುದಿಲ್ಲ. M = 3/2 ರ ಸ್ಥಿತಿಯಿಂದ ಒಂದು ಹೆಜ್ಜೆ ಕೆಳಗಿಳಿಸುವ ಲೆಕ್ಕ ಮಾಡಿದರೆ ಎರಡೂ ಬೆರೆತೇ ಬರುತ್ತವೆ:

J = 3/2 : √(2/3) (0, +1/2) + √(1/3) (+1, −1/2)

J = 1/2 : √(2/3) (+1, −1/2) − √(1/3) (0, +1/2)

ಗುಣಕದ ವರ್ಗವೇ ಸಂಭವನೀಯತೆ. ಎಂದರೆ, ಡ್ಯೂಟೆರಾನ್ +1 ಮತ್ತು ನ್ಯೂಟ್ರಾನ್ −1/2 ಇರುವಂತೆ ಸಿದ್ಧಪಡಿಸಿದ ಜೋಡಿಯ J ಅಳೆದರೆ ಮೂರರಲ್ಲಿ ಒಂದು ಪಾಲು 3/2, ಎರಡು ಪಾಲು 1/2 ಸಿಗುತ್ತದೆ. ಎರಡನೆಯ ಸಾಲಿನ ಋಣ ಚಿಹ್ನೆಯಿಂದಾಗಿ ಎರಡು ಕುಟುಂಬಗಳು ಒಂದರೊಳಗೊಂದು ಬೆರೆಯದೆ ಉಳಿಯುತ್ತವೆ.

ಸ್ಪಿನ್‌ಗಳು ಯಾವ ದಿಕ್ಕಿಗೂ ಒಲಿಯದ ಸಾಮಾನ್ಯ ನ್ಯೂಟ್ರಾನ್ ಕಿರಣದಲ್ಲಿ ಆರೂ ಸ್ಥಿತಿಗಳಿಗೆ ಸಮಪಾಲು. ಆದ್ದರಿಂದ ಆರರಲ್ಲಿ ನಾಲ್ಕು ಭಾಗ ಕ್ವಾರ್ಟೆಟ್, ಎರಡು ಭಾಗ ಡಬ್ಲೆಟ್. ಚದುರಿಕೆಯ ಬಲ ತಿಳಿಸುವ ಉದ್ದ ಕ್ವಾರ್ಟೆಟ್‌ನಲ್ಲಿ ಸುಮಾರು 6.35 ಫೆಮ್ಟೋಮೀಟರ್, ಡಬ್ಲೆಟ್‌ನಲ್ಲಿ ಸುಮಾರು 0.65 ಮಾತ್ರ. ಇವುಗಳ ವರ್ಗಗಳನ್ನು 2/3, 1/3 ರಿಂದ ಗುಣಿಸಿ ಕೂಡಿ, 4π ಯಿಂದ ಗುಣಿಸಿದರೆ ಸುಮಾರು 340 ಚದರ ಫೆಮ್ಟೋಮೀಟರ್, ಅಂದರೆ 3.4 ಬಾರ್ನ್ ಬರುತ್ತದೆ. ಮುಕ್ತ ಡ್ಯೂಟೆರಾನ್‌ಗಳು ನಿಧಾನ ನ್ಯೂಟ್ರಾನ್‌ಗಳನ್ನು ಚದುರಿಸುವ ಪ್ರಮಾಣವೂ ಅಷ್ಟೇ. ಕ್ವಾರ್ಟೆಟ್‌ಗೂ ಡಬ್ಲೆಟ್‌ಗೂ ಸಮಪಾಲು ಎಂದು ಹಿಡಿದಿದ್ದರೆ 2.6 ರ ಆಸುಪಾಸಿನ ತಪ್ಪು ಬೆಲೆ ಬರುತ್ತಿತ್ತು.

ಕ್ವಾರ್ಟೆಟ್‌ನ M = 3/2 ಸ್ಥಿತಿಯಲ್ಲಿ ಎರಡೂ ನ್ಯೂಟ್ರಾನ್‌ಗಳ ಸ್ಪಿನ್ ಒಂದೇ ಕಡೆಗಿರುತ್ತದೆ. ಅಂಥ ಎರಡು ನ್ಯೂಟ್ರಾನ್‌ಗಳು ಒಂದೇ ಕ್ವಾಂಟಂ ಸ್ಥಿತಿಯಲ್ಲಿ ಇರುವುದನ್ನು ಪೌಲಿಯ ನಿಯಮ ಬಿಡುವುದಿಲ್ಲ. ಆ ಮೂರು ಕಣಗಳು ಬಿಗಿಯಾಗಿ ಕೂಡಿಕೊಳ್ಳಲಾರವು. ಡಬ್ಲೆಟ್‌ಗೆ ಈ ಅಡ್ಡಿಯಿಲ್ಲ. ಟ್ರಿಷಿಯಮ್ಮಿನ ಬೀಜಕಣವಾದ ಟ್ರಿಟಾನ್‌ನಲ್ಲಿ ಒಂದು ಪ್ರೋಟಾನ್, ಎರಡು ನ್ಯೂಟ್ರಾನ್ ಕೂಡಿಕೊಂಡಿರುವುದು ಹೀಗೆಯೇ, ಮತ್ತು ಅದರ ಅಳೆದ ಸ್ಪಿನ್ 1/2.