ತಪ್ಪಿದ ಲೆಕ್ಕದ ಕಥೆಯನ್ನು ಹೇಗೆ ಬರೆಯಬೇಕು?

ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಬರೆದ 'ಸೋತು ಗೆದ್ದ' ಕಥೆಗಳಲ್ಲಿ ಹೆಚ್ಚಿನವು ಒಂದೇ ಜಾಡಿನಲ್ಲಿ ಸಾಗುತ್ತವೆ. ಮಗು ಒಂದು ಕೆಲಸದಲ್ಲಿ ಸೋಲುತ್ತದೆ, ಅಳುತ್ತದೆ, ಹಿರಿಯರೊಬ್ಬರು ಧೈರ್ಯ ಹೇಳುತ್ತಾರೆ, ಮಗು ಹಟ ಹಿಡಿದು ದುಡಿಯುತ್ತದೆ, ಕೊನೆಗೆ ಬಹುಮಾನ ಬರುತ್ತದೆ. ಸೋಲಿಗೂ ಗೆಲುವಿಗೂ ನಡುವೆ ಮಗು ನಿಜವಾಗಿ ಏನು ಮಾಡಿತು ಎಂಬುದು ಮಾತ್ರ ಕಥೆಯಲ್ಲಿ ಇರುವುದಿಲ್ಲ. ಕಲಿಕೆ ನಡೆಯುವುದು ಆ ನಡುಭಾಗದಲ್ಲೇ. ಅದನ್ನು ಬಿಟ್ಟ ಕಥೆ ಮಗುವಿಗೆ ಕೊಡುವುದು ಆಸೆಯನ್ನು ಮಾತ್ರ, ದಾರಿಯನ್ನಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಶಾಲೆಗಳಲ್ಲಿ ಇದು ಹೆಚ್ಚು ಮುಖ್ಯ ಎನ್ನಲು ಕಾರಣವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ ಕಲಿ ಪದ್ಧತಿಯಲ್ಲಿ ಕೆಳಗಿನ ತರಗತಿಯ ಮಗು ಕಲಿಕಾ ಏಣಿಯನ್ನು ತನ್ನ ವೇಗದಲ್ಲೇ ಹತ್ತುತ್ತದೆ. ಒಂದು ಮೆಟ್ಟಿಲಲ್ಲಿ ಎಷ್ಟು ದಿನ ನಿಂತರೂ ಅದನ್ನು ಯಾರೂ ನಪಾಸು ಎನ್ನುವುದಿಲ್ಲ. ನಾಲ್ಕನೇ ತರಗತಿಗೆ ಬಂದಾಗ ಎಲ್ಲರಿಗೂ ಒಂದೇ ಪಾಠ, ಒಂದೇ ದಿನ, ಒಂದೇ ಲೆಕ್ಕ. ತಪ್ಪು ಎಂಬ ಗುರುತು ಮಗುವಿಗೆ ಎಲ್ಲರ ಎದುರು ಮೊದಲ ಬಾರಿ ಸಿಗುವುದು ಆಗಲೇ.

ಸೋಲನ್ನು ಮಗು ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಎಂಬುದರ ಮೇಲೆ ಮುಂದಿನದು ನಿಂತಿದೆ ಎನ್ನಲು ಗಟ್ಟಿ ಆಧಾರ ಕೊಟ್ಟವರು ಅಮೆರಿಕದ ಮನೋವಿಜ್ಞಾನಿಗಳಾದ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್. 1998ರಲ್ಲಿ ಪ್ರಕಟವಾದ ಅವರ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಆಕೃತಿ ಹೊಂದಿಸುವ ಒಗಟುಗಳನ್ನು ಕೊಟ್ಟರು. ಮೊದಲ ಸುತ್ತು ಮುಗಿದ ಮೇಲೆ ಕೆಲವರಿಗೆ 'ನೀನು ಜಾಣ' ಎಂದೂ ಕೆಲವರಿಗೆ 'ಚೆನ್ನಾಗಿ ಶ್ರಮಪಟ್ಟಿದ್ದೀಯ' ಎಂದೂ ಹೇಳಿದರು. ಎರಡನೇ ಸುತ್ತಿನ ಒಗಟುಗಳು ಬಹಳ ಕಠಿಣ, ಅಲ್ಲಿ ಎಲ್ಲರೂ ಎಡವಿದರು. ಮೂರನೇ ಸುತ್ತು ಮತ್ತೆ ಮೊದಲಿನಷ್ಟೇ ಸುಲಭ. ಆದರೂ ಜಾಣರೆನಿಸಿಕೊಂಡ ಮಕ್ಕಳು ಮೊದಲಿಗಿಂತ ಕಡಿಮೆ ಬಿಡಿಸಿದರು, ಶ್ರಮಕ್ಕೆ ಮೆಚ್ಚುಗೆ ಪಡೆದವರು ಹೆಚ್ಚು ಬಿಡಿಸಿದರು. ತಾನು ಜಾಣ ಎಂದು ನಂಬಿದ ಮಗುವಿಗೆ ಒಂದು ಸೋಲು ಕಂಡರೆ, ಹಾಗಾದರೆ ನಾನು ಜಾಣನಲ್ಲ ಎಂಬ ತೀರ್ಮಾನ ಬಿಟ್ಟು ಬೇರೆ ದಾರಿ ಉಳಿಯುವುದಿಲ್ಲ. ಬುದ್ಧಿ ಹುಟ್ಟಿನಿಂದ ಬಂದ ಅಳತೆಯಲ್ಲ, ಅಭ್ಯಾಸದಿಂದ ಹಿಗ್ಗುವಂಥದ್ದು ಎಂಬ ನಂಬಿಕೆಯನ್ನು ಡ್ವೆಕ್ ಬೆಳವಣಿಗೆಯ ಮನೋಭಾವ ಎಂದು ಕರೆದರು. ಆದರೆ ಶ್ರಮವನ್ನು ಹೊಗಳಿದರೆ ಸಾಕು ಎಂದು ಜನ ಇದನ್ನು ತಪ್ಪಾಗಿ ಹಿಡಿದಾಗ ಎಚ್ಚರಿಸಿದವರೂ ಅವರೇ. ಫಲ ಕೊಡದ ದಾರಿಯಲ್ಲೇ ಶ್ರಮಪಡುವ ಮಗುವಿಗೆ ಬೇರೆ ಉಪಾಯ ಬೇಕು, ಹೊಗಳಿಕೆಯಲ್ಲ.

ಹಾಗಾದರೆ ನಡುಭಾಗ ತುಂಬಿದ ಕಥೆ ಹೇಗಿರುತ್ತದೆ? ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟದ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ಗೌರಿ ಸ್ಲೇಟಿನಲ್ಲಿ 52ರಿಂದ 28 ಕಳೆದು 36 ಎಂದು ಬರೆದಳು. ಮೇಷ್ಟ್ರು ಸುತ್ತು ಹಾಕಿದರು. ಪಕ್ಕದವನು "ದಡ್ಡಿ" ಎಂದ. ಗೌರಿ ಅಳಿಸಿ ಮತ್ತೆ ಮಾಡಿದಳು, 36. ಇನ್ನೊಮ್ಮೆ ನಿಧಾನವಾಗಿ ಮಾಡಿದಳು, ಆಗಲೂ 36. "ಕಳೆದ 28ಕ್ಕೆ ನಿನಗೆ ಉಳಿದ 36 ಕೂಡಿಸು ನೋಡೋಣ" ಎಂದರು ಮೇಷ್ಟ್ರು. 64 ಬಂತು. "ನನ್ನ ಹತ್ರ ಇದ್ದಿದ್ದೇ 52 ಅಲ್ವಾ ಸಾರ್?" ಎಂದಳು ಗೌರಿ. ಸಂಜೆ ಅಜ್ಜಿ ಪೊರಕೆಗೆಂದು ಸೀಳಿಟ್ಟಿದ್ದ ಗರಿಕಡ್ಡಿಗಳನ್ನು ಹತ್ತು ಹತ್ತರಂತೆ ಕಟ್ಟಿದಳು. ಐದು ಕಟ್ಟು, ಎರಡು ಬಿಡಿ. ಎಂಟು ಬಿಡಿ ಕೊಡಬೇಕು, ಇರುವುದು ಎರಡೇ. "ಕಟ್ಟು ಬಿಚ್ಚಬಾರದು ಅಂತ ಯಾರು ಹೇಳಿದ್ರು ಮಗಾ?" ಎಂದರು ಅಜ್ಜಿ. ಒಂದು ಕಟ್ಟು ಬಿಚ್ಚಿದಾಗ ನಾಲ್ಕು ಕಟ್ಟು, ಹನ್ನೆರಡು ಬಿಡಿ ಆದವು. ಎಂಟು ಬಿಡಿ ತೆಗೆದಳು, ಎರಡು ಕಟ್ಟು ತೆಗೆದಳು, 24 ಉಳಿಯಿತು. ಮರುದಿನ 82ರಿಂದ 35 ಕಳೆಯುವ ಲೆಕ್ಕ ಬಂತು. ಗೌರಿ 57 ಎಂದು ಬರೆದಳು. ಈ ಬಾರಿ ಯಾರೂ ಹೇಳದೆಯೇ 35 ಕೂಡಿಸಿ ನೋಡಿದಳು, 92 ಆಯಿತು. ಸರಿಯಾಗಿ ಒಂದು ಹತ್ತು ಹೆಚ್ಚು. "ಬಿಚ್ಚಿದ ಕಟ್ಟನ್ನ ಕಟ್ಟುಗಳ ಜೊತೆ ಹಾಗೇ ಎಣಿಸಿಬಿಟ್ಟೆ" ಎಂದು 47 ಬರೆದಳು.

ಈ ಕಥೆಯ ಜೀವ ಇರುವುದು ಮೂರು ಸಲವೂ ಬಂದ ಅದೇ 36ರಲ್ಲಿ. ಗೌರಿ ಸೋಮಾರಿಯಲ್ಲ, ಅಜಾಗರೂಕಳೂ ಅಲ್ಲ. ಅವಳಲ್ಲಿ ಒಂದು ನಿಯಮವಿದೆ, ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಾಳೆ. ಮೇಲೆ ಕೆಳಗೆ ಎಲ್ಲೇ ಇರಲಿ, ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆ ಎಂಬುದು ಆ ನಿಯಮ. 8ರಿಂದ 2 ಹೋದರೆ 6, 5ರಿಂದ 2 ಹೋದರೆ 3. ದಶಕ ತೆಗೆದುಕೊಳ್ಳುವ ಲೆಕ್ಕದಲ್ಲಿ ಜಗತ್ತಿನೆಲ್ಲೆಡೆ ಮಕ್ಕಳು ಮಾಡುವ ಅತಿ ಸಾಮಾನ್ಯ ತಪ್ಪು ಇದು. ಮಕ್ಕಳ ಕಳೆಯುವ ತಪ್ಪುಗಳಲ್ಲಿ ಇಂಥ ಕ್ರಮವಿದೆ ಎಂದು 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ವಿವರವಾಗಿ ತೋರಿಸಿದರು. ಇಂಥ ಮಗುವಿಗೆ 'ಇನ್ನಷ್ಟು ಪ್ರಯತ್ನಪಡು' ಎಂದರೆ ತಪ್ಪು ನಿಯಮವೇ ಗಟ್ಟಿಯಾಗುತ್ತದೆ. ಎರಡನೇ ದಿನದ 57 ಬೇರೆ ತಪ್ಪು. ಕಟ್ಟು ಬಿಚ್ಚಲು ಅವಳಿಗೆ ಈಗ ಗೊತ್ತು, ಬಿಚ್ಚಿದ್ದನ್ನು ಲೆಕ್ಕದಿಂದ ತೆಗೆಯಲು ಮರೆತಳು ಅಷ್ಟೆ. ಬೆಳವಣಿಗೆ ಎಂದರೆ ಇದೇ, ಹಳೆಯ ತಪ್ಪು ಹೋಗಿ ಹೊಸದು ಬಂದಿದೆ ಮತ್ತು ಅದನ್ನು ಮಗುವೇ ಹಿಡಿದಿದೆ. ಇದು ಕಾಣಬೇಕಾದರೆ ಕಥೆ ಬರೆಯುವವರು ಅಂಕಿಗಳನ್ನು ನೋಡಿ ಆರಿಸಬೇಕು. 52ರಿಂದ 27 ಎಂದು ಬರೆದಿದ್ದರೆ ಎರಡೂ ತಪ್ಪುಗಳಿಗೆ 35 ಎಂಬ ಒಂದೇ ಉತ್ತರ ಬರುತ್ತಿತ್ತು. ಮಗು ಎಲ್ಲಿ ಎಡವಿತು ಎಂಬುದು ಆಗ ಯಾರಿಗೂ ತಿಳಿಯುತ್ತಿರಲಿಲ್ಲ.

ಇದಕ್ಕೆ ಎದುರಾಗುವ ಮಾತುಗಳಲ್ಲಿ ಮುಖ್ಯವಾದದ್ದು, ಮನೋಭಾವದ ಪಾಠಗಳಿಂದ ಪ್ರಯೋಜನವೇ ಇಲ್ಲವಲ್ಲ ಎಂಬುದು. ಈ ಆಕ್ಷೇಪ ಪೊಳ್ಳಲ್ಲ. ಇಂಗ್ಲೆಂಡಿನ ಸುಮಾರು ನೂರು ಪ್ರಾಥಮಿಕ ಶಾಲೆಗಳ ಐದು ಸಾವಿರದಷ್ಟು ಮಕ್ಕಳ ಮೇಲೆ ನಡೆದು 2019ರಲ್ಲಿ ವರದಿಯಾದ ಪ್ರಯೋಗದಲ್ಲಿ, ಇಂಥ ಪಾಠ ಕೇಳಿದವರು ಕೇಳದವರಿಗಿಂತ ಹೆಚ್ಚು ಮುಂದೆ ಹೋಗಲಿಲ್ಲ. ಅದೇ ವರ್ಷ ಅಮೆರಿಕದ ಒಂಬತ್ತನೇ ತರಗತಿಯ ಸುಮಾರು 12,000 ಮಕ್ಕಳ ಅಧ್ಯಯನದಲ್ಲಿ ಹಿಂದುಳಿದವರಿಗೆ ಲಾಭ ಕಂಡಿತು, ಆದರೆ ಸಣ್ಣದು. ನನಗೆ ಇದರಿಂದ ಕಾಣುವುದು ಇಷ್ಟು: ನಂಬಿಕೆ ಮಗುವನ್ನು ಲೆಕ್ಕದ ಮುಂದೆ ಮತ್ತೆ ಕೂರಿಸಬಲ್ಲದು, ಕಟ್ಟು ಬಿಚ್ಚುವುದನ್ನು ಕಲಿಸಲಾರದು. ಕಥೆಯ ಶಕ್ತಿಗೆ ಬೇರೆ ಸಾಕ್ಷಿಯೂ ಇದೆ. ನ್ಯೂಯಾರ್ಕಿನ ಬಡ ಬಡಾವಣೆಗಳ ಪ್ರೌಢಶಾಲೆಗಳಲ್ಲಿ ಶಿಯಾವ್‌ಡಾಂಗ್ ಲಿನ್-ಸೀಗ್ಲರ್ ತಂಡ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐನ್‌ಸ್ಟೈನ್, ಕ್ಯೂರಿ, ಫ್ಯಾರಡೆ ಅವರ ಒದ್ದಾಟದ ಕಥೆ ಓದಿದವರ ವಿಜ್ಞಾನದ ಅಂಕ, ಬರೀ ಸಾಧನೆಯ ಕಥೆ ಓದಿದವರ ಅಂಕಕ್ಕಿಂತ ಮೇಲಿತ್ತು. ಅವರು ದೊಡ್ಡ ಮಕ್ಕಳು, ಆದ್ದರಿಂದ ನಾಲ್ಕನೇ ತರಗತಿಗೂ ಹಾಗೇ ಆಗುತ್ತದೆ ಎಂದು ಭಾಷೆ ಕೊಡಲಾಗದು. ಇನ್ನೊಂದು ಆಕ್ಷೇಪ, ಇದೆಲ್ಲ ಸೋಲಿನ ಹೊಣೆಯನ್ನು ಮಗುವಿನ ತಲೆಗೇ ಕಟ್ಟುತ್ತದೆ ಎಂಬುದು. ಶ್ರಮವನ್ನಷ್ಟೇ ಸಾರುವ ಕಥೆಯ ಬಗ್ಗೆ ಅದು ನಿಜ. ಗೌರಿಯ ಕಥೆಯಲ್ಲಿ ಮೇಷ್ಟ್ರು ತಾಳೆ ನೋಡುವ ದಾರಿ ಕೊಡುತ್ತಾರೆ, ಅಜ್ಜಿ ಕಡ್ಡಿ ಕೊಡುತ್ತಾರೆ. ದೊಡ್ಡವರು ತಮ್ಮ ಪಾಲು ಮಾಡದೆ ಮಗು ಒಂದೇ ಗೆದ್ದಂತೆ ಬರೆಯುವುದು ಸುಳ್ಳು.

ಈ ನಾಲ್ಕು ಊರುಗಳ ಶಿಕ್ಷಕರಲ್ಲಿ ಒಂದು ಕೋರಿಕೆ. ಕಥೆ ಹೇಳಿದ ಮೇಲೆ ಏನು ಕಲಿತಿರಿ ಎಂದು ಕೇಳಬೇಡಿ, 63ರಿಂದ 27 ಕಳೆಯಲು ಹೇಳಿ. ಸರಿಯಾಗಿ 36 ಬರೆದ ಮಗುವಿಗೆ 27 ಕೂಡಿಸಿ ತಾಳೆ ನೋಡಲು ಬಂತೇ ಎಂದು ಗಮನಿಸಿ. 44 ಬರೆದ ಮಗು ಇನ್ನೂ ಕಟ್ಟು ಬಿಚ್ಚಿಲ್ಲ, ಅದರ ಕೈಗೆ ಕಡ್ಡಿ ಕೊಡಿ. 46 ಬರೆದ ಮಗು ಕಟ್ಟು ಬಿಚ್ಚಿದೆ, ಅದಕ್ಕೆ ಕಥೆಯ ಎರಡನೇ ದಿನವನ್ನು ಇನ್ನೊಮ್ಮೆ ಓದಿ ಹೇಳಿ.