ವಾನರ ಮುಖಕ್ಕೊಂದು ಅಚ್ಚು

1987ರ ಜನವರಿಯಲ್ಲಿ ದೂರದರ್ಶನದಲ್ಲಿ ಶುರುವಾದ ರಮಾನಂದ ಸಾಗರ್ ಅವರ ‘ರಾಮಾಯಣ’ದಲ್ಲಿ ದಾರಾ ಸಿಂಗ್ ಹನುಮಂತನಾಗಿದ್ದರು. ಮೇಕಪ್ಪಿಗೇ ಮೂರು-ನಾಲ್ಕು ಗಂಟೆ ಹಿಡಿಯುತ್ತಿತ್ತು, ಅದು ಮುಖದ ಮೇಲಿರುವಷ್ಟು ಹೊತ್ತು ಅವರು ಊಟ ಮಾಡುತ್ತಿರಲಿಲ್ಲ ಎಂಬುದು ಆ ಧಾರಾವಾಹಿಯ ನೆನಪುಗಳಲ್ಲಿ ಮತ್ತೆ ಮತ್ತೆ ಬರುವ ಮಾತು. ಯಾಕೆ ಹಾಗೆ ಎಂದು ತಿಳಿಯಲು ವಾನರನ ಉಬ್ಬಿದ ಮೂತಿಯನ್ನು ಹೇಗೆ ತಯಾರಿಸುತ್ತಾರೆ ಎಂದು ನೋಡಬೇಕು.

ಯಕ್ಷಗಾನದ ಬಣ್ಣದ ವೇಷಧಾರಿ ಅಕ್ಕಿಹಿಟ್ಟು, ಸುಣ್ಣದ ಚುಟ್ಟಿಯನ್ನು ಪ್ರತಿ ರಾತ್ರಿಯೂ ಹೊಸದಾಗಿ ಇಡುತ್ತಾನೆ. ನಿನ್ನೆಗೂ ಇವತ್ತಿಗೂ ಕೂದಲೆಳೆಯಷ್ಟು ವ್ಯತ್ಯಾಸವಾದರೆ ಅಲ್ಲಿ ತೊಂದರೆಯಿಲ್ಲ. ಧಾರಾವಾಹಿಯಲ್ಲಿ ಹಾಗಲ್ಲ. ಒಂದೇ ದೃಶ್ಯದ ಚಿತ್ರೀಕರಣ ಎರಡು ದಿನ ನಡೆದರೂ ಮುಖ ಒಂದೇ ಆಗಿರಬೇಕು. ಅದಕ್ಕೇ ಅಚ್ಚು ಬೇಕು.

ಮೊದಲು ನಟನ ಮುಖಕ್ಕೆ, ಮೂಗಿನ ಹೊಳ್ಳೆಗಳನ್ನು ಮಾತ್ರ ಬಿಟ್ಟು, ಹಲ್ಲಿನ ವೈದ್ಯರು ಅಚ್ಚು ತೆಗೆಯಲು ಬಳಸುವ ಆಲ್ಜಿನೇಟ್ ಬಳಿಯುತ್ತಾರೆ. ಅದು ಗಟ್ಟಿಯಾದ ಮೇಲೆ ತೆಗೆದು, ಒಳಗೆ ಪ್ಲಾಸ್ಟರ್ ಸುರಿದರೆ ನಟನ ಮುಖದ ಪ್ರತಿರೂಪ ಸಿಗುತ್ತದೆ. ಅದರ ಮೇಲೆ ಜೇಡಿಮಣ್ಣಿನಲ್ಲಿ ವಾನರನ ಮೂತಿಯನ್ನು ತಿದ್ದಿ, ಅದಕ್ಕೂ ಒಂದು ಅಚ್ಚು ತೆಗೆಯುತ್ತಾರೆ. ಆಮೇಲೆ ಮಣ್ಣನ್ನು ಕೆರೆದು ಹಾಕಿ ಎರಡನ್ನೂ ಜೋಡಿಸಿದರೆ, ಮಣ್ಣು ಇದ್ದಷ್ಟೇ ಜಾಗ ನಡುವೆ ಟೊಳ್ಳಾಗಿ ಉಳಿಯುತ್ತದೆ. ನೊರೆ ಬರುವಂತೆ ಕಡೆದ ರಬ್ಬರ್ ಹಾಲನ್ನು ಆ ಟೊಳ್ಳಿಗೆ ತುಂಬಿ ಒಲೆಯಲ್ಲಿ ಬೇಯಿಸಿದರೆ ಸ್ಪಂಜಿನಂಥ ಮೆದು ತುಂಡು ಬರುತ್ತದೆ. ಅಂಚು ಹರಿದು ಒಂದು ತುಂಡು ಹಾಳಾದರೆ, ಅದೇ ಅಚ್ಚಿನಲ್ಲಿ ಇನ್ನೊಂದನ್ನು ಎರೆಯಬಹುದು.

ಇಡೀ ಕೆಲಸದ ಜೀವ ಆ ಅಂಚಿನಲ್ಲಿದೆ. ಅದು ಚರ್ಮದಲ್ಲಿ ಕರಗಿಹೋದಂತೆ ಕಾಣುವಷ್ಟು ತೆಳ್ಳಗಿರಬೇಕು. ರಾಳದ ಅಂಟಿನಿಂದ ತುಂಡನ್ನು ಕೂರಿಸಿ, ಅಂಚಿನ ಮೇಲೆ ದ್ರವ ರಬ್ಬರನ್ನು ತಟ್ಟಿ ಗೆರೆ ಮುಚ್ಚುತ್ತಾರೆ. ಖನಿಜ ತೈಲ ರಬ್ಬರನ್ನು ಹಾಳುಮಾಡುವುದರಿಂದ, ಅದರ ಮೇಲೆ ಹಚ್ಚುವ ಬಣ್ಣವನ್ನು ಹರಳೆಣ್ಣೆಯಲ್ಲಿ ಕಲಸಿರುತ್ತಾರೆ.

ಇಷ್ಟಾದರೂ ಈ ಮುಖಕ್ಕೆ ಇಬ್ಬರು ಶತ್ರುಗಳು. ಮೊದಲನೆಯದು ಬೆವರು. ಸ್ಟುಡಿಯೊ ದೀಪಗಳ ಕಾವಿಗೆ ಬೆವರು ರಬ್ಬರಿನಡಿ ಸೇರಿ ಅಂಟನ್ನು ಸಡಿಲಿಸುತ್ತದೆ. ಎರಡನೆಯದು ಬಾಯಿ. ಅಗಿಯುವಾಗ ತುಟಿಯ ಮೂಲೆಗಳು ಸತತವಾಗಿ ಎಳೆಯಲ್ಪಟ್ಟು, ಅಂಟು ಮೊದಲು ಬಿಡುವುದೇ ಅಲ್ಲಿ. ಹೊಸದಾಗಿ ಅಂಟಿಸಲು ಕೂತರೆ ಅರ್ಧ ದಿನದ ಚಿತ್ರೀಕರಣ ಹೋದಂತೆ. ಹಾಗಾಗಿ ಇಂಥ ವೇಷ ಹಾಕಿದ ನಟ ಹಸಿದುಕೊಂಡೇ ಇರಬೇಕಾಗುತ್ತಿತ್ತು.

ಉಬ್ಬಿದ ಮೂತಿ ಮೇಲ್ದುಟಿಯ ಚಲನೆಯನ್ನೂ ತಡೆಯುತ್ತದೆ. ಉಳಿದ ಭಾವವನ್ನೆಲ್ಲ ನಟ ಕಣ್ಣಿನಲ್ಲಿ, ಕುತ್ತಿಗೆಯ ತಿರುವಿನಲ್ಲಿ, ದನಿಯಲ್ಲಿ ತರಬೇಕು. ಅಂದಿನ ಸಣ್ಣ ಟಿವಿಯ ಮಸುಕು ಚಿತ್ರ ಅಂಚಿನ ಗೆರೆಯನ್ನು ಬಹುಮಟ್ಟಿಗೆ ಮರೆಮಾಡುತ್ತಿತ್ತು. 2020ರ ಲಾಕ್‌ಡೌನ್‌ನಲ್ಲಿ ಮರುಪ್ರಸಾರವಾದಾಗ ಅದೇ ಸಂಚಿಕೆಗಳು ದೊಡ್ಡ ಪರದೆಗಳಿಗೆ ಬಂದವು. ಇನ್ನೊಮ್ಮೆ ನೋಡುವಾಗ ಹನುಮಂತನ ದೀರ್ಘ ಮಾತುಗಳಲ್ಲಿ ಮೇಲ್ದುಟಿಯನ್ನೂ ಕಣ್ಣನ್ನೂ ಜೊತೆಯಾಗಿ ಗಮನಿಸಿ. ರಬ್ಬರು ಎಲ್ಲಿ ನಿಲ್ಲುತ್ತದೆ, ದಾರಾ ಸಿಂಗ್ ಎಲ್ಲಿಂದ ಶುರುವಾಗುತ್ತಾರೆ ಎಂಬುದು ಅಲ್ಲಿ ತಿಳಿಯುತ್ತದೆ.